ಅಳಿಸಿದ ಹಾಳೆ

ಆರ್ಟಿಕಲ್‌ಶಿಪ್‌ಗೆ ಸೇರಿದ ಮೊದಲ ದಿನ ಆಫೀಸಿನಲ್ಲಿ ನನ್ನಿಂದ ಒಂದು ಪುಟದ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಕ್ಲೈಂಟ್‌ಗಳ ಮಾಹಿತಿಯನ್ನು ಯಾರಿಗೂ ಹೇಳುವುದಿಲ್ಲ, ಮನೆಗೆ ಒಯ್ಯುವುದಿಲ್ಲ, ಸ್ವಂತ ಇ-ಮೇಲ್‌ಗೆ ಕಳಿಸಿಕೊಳ್ಳುವುದಿಲ್ಲ ಎಂದು ಅದರಲ್ಲಿತ್ತು. ಓದಿಯೇ ಸಹಿ ಹಾಕಿದೆ. ಊರಿನಲ್ಲಿ ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಜಗಲಿಗೆ ಹೊರುವ ಅಭ್ಯಾಸ ನಮ್ಮ ಅಮ್ಮನಿಗೆ ಇರಲಿಲ್ಲ, ನನಗೂ ಇಲ್ಲ. ಹಾಗಾಗಿ ಈ ಪತ್ರ ನನ್ನಂಥವಳಿಗೆ ಬರೆದದ್ದಲ್ಲ ಅಂದುಕೊಂಡೆ. ಗುಟ್ಟು ಹೊರಬೀಳುವುದು ಬಾಯಿಯಿಂದ ಮಾತ್ರ ಎಂದು ನಾನು ತಿಳಿದಿದ್ದೆ.

ಅದು 2022ರ ಸೆಪ್ಟೆಂಬರ್. ಸಿಎ ಆಫೀಸುಗಳಲ್ಲಿ ಸೆಪ್ಟೆಂಬರ್ ಎಂದರೆ ಟ್ಯಾಕ್ಸ್ ಆಡಿಟ್‌ನ ಸುಗ್ಗಿ. ನನಗೆ ಬಂದಿದ್ದು ತುಮಕೂರು ರಸ್ತೆಯ ಬದಿಯ ಒಂದು ಕಾರ್ಖಾನೆಯ ಸಂಬಳದ ಪಟ್ಟಿ. ಟ್ಯಾಕ್ಸ್ ಆಡಿಟ್ ವರದಿಯಲ್ಲಿ ಕಾರ್ಮಿಕರ ಸಂಬಳದಿಂದ ಹಿಡಿದುಕೊಂಡ ಪಿಎಫ್ ಹಣ ಎಷ್ಟು, ಅದನ್ನು ಕಟ್ಟಬೇಕಾದ ತಾರೀಖು ಯಾವುದು, ಕಟ್ಟಿದ್ದು ಯಾವಾಗ ಎಂದು ತಿಂಗಳವಾರು ತೋರಿಸಬೇಕು. ಅದಕ್ಕಾಗಿ ಕಾರ್ಖಾನೆಯ ಅಕೌಂಟ್ಸ್ ವಿಭಾಗದವರು ಪೂರ್ತಿ ಪಟ್ಟಿಯನ್ನೇ ಎಕ್ಸೆಲ್‌ನಲ್ಲಿ ಕಳಿಸಿದ್ದರು. ನಾನೂರಕ್ಕೂ ಹೆಚ್ಚು ಸಾಲು. ಹೆಸರು, ಪ್ಯಾನ್, ಬ್ಯಾಂಕ್ ಖಾತೆ ನಂಬರು, ಮೂಲ ಸಂಬಳ, ಓವರ್‌ಟೈಮ್, ಸಾಲದ ಕಂತು. ಕೊನೆಯ ಕಡೆಗೆ 'ಕೋರ್ಟ್ ಕಡಿತ' ಎಂಬ ಒಂದು ಕಾಲಂ. ಅದರಲ್ಲಿ ಒಬ್ಬರ ಎದುರು ಮಾತ್ರ ಮೊತ್ತವಿತ್ತು. ಹೆಂಡತಿಗೆ ಜೀವನಾಂಶ ಕೊಡಬೇಕೆಂಬ ಆದೇಶದ ಮೇಲೆ ಅವರ ಸಂಬಳದಿಂದ ಪ್ರತಿ ತಿಂಗಳು ಹಿಡಿಯುತ್ತಿದ್ದ ಹಣ ಅದು. ನನ್ನ ಕೆಲಸಕ್ಕೆ ಬೇಕಿದ್ದದ್ದು ಎರಡೇ ಕಾಲಂ. ಉಳಿದವನ್ನು ತೆಗೆದುಹಾಕಬೇಕೆಂದು ನನಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಅದೇ ಕಾರ್ಖಾನೆಯ ಪ್ರೊಡಕ್ಷನ್ ಮ್ಯಾನೇಜರ್ ಫೋನ್ ಮಾಡಿದರು. "ಮೇಡಂ, ನಿಮ್ಮ ಹತ್ರ ಪೂರ್ತಿ ಡೇಟಾ ಇದೆಯಂತಲ್ಲ, ಡಿಪಾರ್ಟ್‌ಮೆಂಟ್‌ವಾರು ಓವರ್‌ಟೈಮ್ ಟೋಟಲ್ ಒಂದು ಮಾಡಿ ಕಳಿಸಿಬಿಡಿ, ನಾಲ್ಕು ಗಂಟೆಗೆ ಮೀಟಿಂಗ್ ಇದೆ" ಅಂದರು. ನನ್ನನ್ನು ಮೇಡಂ ಎಂದು ಕರೆದವರು ಆವರೆಗೆ ಯಾರೂ ಇರಲಿಲ್ಲ. ಅವರದೇ ಕಂಪನಿಯ ಲೆಕ್ಕ ಅವರಿಗೇ ಕೊಡುವುದರಲ್ಲಿ ತಪ್ಪೇನು ಎಂದುಕೊಂಡೆ. ಪಿವಟ್ ಟೇಬಲ್ ಹಾಕಿದೆ. ಕಟಿಂಗ್, ಸ್ಟಿಚಿಂಗ್, ಫಿನಿಶಿಂಗ್, ಪ್ಯಾಕಿಂಗ್, ಸ್ಟೋರ್ಸ್ ಎಂದು ಐದು ಸಾಲು, ಕೆಳಗೊಂದು ಒಟ್ಟು ಮೊತ್ತ. ಹೆಸರುಗಳಿದ್ದ ಮೂಲ ಹಾಳೆಯನ್ನು ಜಾಗ್ರತೆಯಿಂದ ಅಳಿಸಿದೆ. ಫೈಲು ಕಳಿಸಿದೆ. ಅವರು ಅದನ್ನು ತಮ್ಮ ಕೆಳಗಿನ ಐದು ಸೂಪರ್‌ವೈಸರ್‌ಗಳಿಗೆ ಮುಂದೆ ಕಳಿಸಿದರು.

ಮಾರನೆಯ ದಿನ ಹನ್ನೊಂದು ಗಂಟೆಗೆ ಕಾರ್ಖಾನೆಯ ಎಚ್‌ಆರ್‌ನಿಂದ ನಮ್ಮ ಸರ್‌ಗೆ ಫೋನ್ ಬಂತು. ಒಬ್ಬ ಸೂಪರ್‌ವೈಸರ್ ಆ ಒಟ್ಟು ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡಿದ್ದರು. ತಕ್ಷಣ ಹೊಸ ಹಾಳೆ ತೆರೆದುಕೊಂಡು ಎಲ್ಲ ಸಾಲುಗಳೂ ಬಂದಿದ್ದವು, ಹೆಸರು, ಸಂಬಳ, ಖಾತೆ ನಂಬರು ಎಲ್ಲ ಸೇರಿ. ಯಾರ ಸಂಬಳ ಯಾರಿಗಿಂತ ಎಷ್ಟು ಜಾಸ್ತಿ ಎಂಬುದು ಬೆಳಗಿನ ಪಾಳಿಯ ಹೊತ್ತಿಗೇ ಕ್ಯಾಂಟೀನ್ ಮುಟ್ಟಿತ್ತು. ಕೋರ್ಟ್ ಕಡಿತದ ವಿಷಯವೂ ಮುಟ್ಟಿತ್ತು.

ಆದದ್ದು ಇಷ್ಟು. ಪಿವಟ್ ಟೇಬಲ್ ಮಾಡಿದಾಗ ಎಕ್ಸೆಲ್ ಮೂಲ ಮಾಹಿತಿಯ ಒಂದು ನಕಲನ್ನು ಫೈಲಿನೊಳಗೇ ಬೇರೆ ಕಡೆ ಇಟ್ಟುಕೊಳ್ಳುತ್ತದೆ. ಅದಕ್ಕೆ ಪಿವಟ್ ಕ್ಯಾಶ್ ಎನ್ನುತ್ತಾರೆ. ಮೂಲ ಹಾಳೆಯನ್ನು ಅಳಿಸಿದರೂ ಆ ನಕಲು ಹೋಗುವುದಿಲ್ಲ. ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಆ ಮೊತ್ತದ ಹಿಂದಿರುವ ಸಾಲುಗಳನ್ನು ಅದು ಮತ್ತೆ ಹರಡಿ ತೋರಿಸುತ್ತದೆ. ಲೆಕ್ಕ ತಾಳೆ ನೋಡುವವರಿಗೆ ಅದು ಅನುಕೂಲವೇ. ನಾನು ಹಾಳೆಯ ಹೆಸರಿದ್ದ ಚೀಟಿಯನ್ನಷ್ಟೇ ಕಿತ್ತು, ಹಾಳೆಯನ್ನು ಲಕೋಟೆಯಲ್ಲೇ ಬಿಟ್ಟು ಕಳಿಸಿದ್ದೆ.

ಸರ್ ಒಳಗೆ ಕರೆಯುವ ಮೊದಲು ನನಗೆ ಐದು ನಿಮಿಷ ಸಿಕ್ಕಿತು. ಆ ಐದು ನಿಮಿಷದಲ್ಲಿ ನಾನು ಮಾಡಲು ಹೊರಟಿದ್ದನ್ನು ಇಲ್ಲಿ ಹೇಳಲೇಬೇಕು. ಕಳಿಸಿದ ಮೇಲನ್ನು ಅಳಿಸಿ, ಕಂಪ್ಯೂಟರಿನ ಫೈಲನ್ನೂ ಅಳಿಸಿ, ನಾನು ಕಳಿಸಿದ್ದು ಬರೀ ಟೋಟಲ್ ಎಂದು ಹೇಳಬೇಕೆಂದುಕೊಂಡಿದ್ದೆ. ಬೆರಳು ಡಿಲೀಟ್ ಗುಂಡಿಯ ಮೇಲಿತ್ತು. ಪಕ್ಕದಲ್ಲಿದ್ದ ಸೀನಿಯರ್ ಆರ್ಟಿಕಲ್ ನೋಡಿ, "ಮುಟ್ಟಬೇಡ ಕಣೇ, ಈಗ ಅದೊಂದೇ ನಿನ್ನ ಸಾಕ್ಷಿ" ಅಂದಳು.

ಸರ್ ಬೈಯಲಿಲ್ಲ. "ಕೂತ್ಕೋಮ್ಮ" ಎಂದು ಒಂದು ಬಿಳಿ ಹಾಳೆ ಕೊಟ್ಟು ಬರೆಸಿದರು. ಯಾವ ಫೈಲು, ಎಷ್ಟು ಗಂಟೆಗೆ, ಯಾರಿಗೆ, ಅದರೊಳಗೆ ಯಾವ ಯಾವ ಕಾಲಂ, ಎಷ್ಟು ಜನರದ್ದು. ಮೇಲ್ ವಾಪಸ್ ಕರೆಸುವ ಸೌಲಭ್ಯ ಒತ್ತೋಣವೇ ಎಂದು ಕೇಳಿದೆ. ಬೇರೆ ಸಂಸ್ಥೆಯ ಮೇಲ್‌ಬಾಕ್ಸ್ ಸೇರಿದ್ದು, ತೆರೆದು ಓದಿದ್ದು ವಾಪಸ್ ಬರುವುದಿಲ್ಲ ಅಂದರು. ನಂತರ ನನ್ನೆದುರೇ ಕಾರ್ಖಾನೆಯ ಫೈನಾನ್ಸ್ ಹೆಡ್‌ಗೆ ಫೋನ್ ಮಾಡಿ, ತಪ್ಪು ನಮ್ಮ ಆಫೀಸಿನದು ಎಂದು ಹೇಳಿ, ಬರೆದಿದ್ದನ್ನೆಲ್ಲ ಓದಿದರು. ಆರು ಜನರಿಂದಲೂ ಫೈಲು ಅಳಿಸಿದ್ದೇವೆ, ಬೇರೆಯವರಿಗೆ ಕಳಿಸಿಲ್ಲ ಎಂದು ಬರಹದಲ್ಲಿ ಪಡೆಯಲು ಕೇಳಿಕೊಂಡರು. ಒಬ್ಬರು ವಾಟ್ಸಾಪ್‌ನಲ್ಲಿ ಇನ್ನಿಬ್ಬರಿಗೆ ಕಳಿಸಿದ್ದು ಗೊತ್ತಾದದ್ದು ಹಾಗೆ ಕೇಳಿದ್ದರಿಂದಲೇ. ನಾನು ಮೇಲ್ ಅಳಿಸಿದ್ದರೆ ಒಳಗೆ ಏನೇನಿತ್ತು ಎಂದು ಹೇಳಲು ನಮ್ಮ ಬಳಿ ಏನೂ ಇರುತ್ತಿರಲಿಲ್ಲ.

ಸಂಜೆ ಸರ್ ಮತ್ತೆ ಕರೆದು ಕೇಳಿದರು, "ನಿನ್ನ ಮೊದಲ ತಪ್ಪು ಯಾವುದು?" ಪಿವಟ್ ಎಂದೆ. ಅಲ್ಲ ಅಂದರು. ಸಂಬಳದ ಪಟ್ಟಿಯನ್ನು ಕಂಪನಿ ನಮಗೆ ಕೊಟ್ಟದ್ದು ಆಡಿಟ್‌ಗೆ. ಅದನ್ನು ಅವರ ಮೀಟಿಂಗ್‌ಗೆ ಬಳಸಿದ ಕ್ಷಣವೇ ತಪ್ಪು ಶುರುವಾಗಿತ್ತು. ಇನ್ನೊಂದು, ನಮ್ಮ ಕ್ಲೈಂಟ್ ಎಂದರೆ ಕಂಪನಿ. ಕಂಪನಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಅಲ್ಲ. ಪ್ರೊಡಕ್ಷನ್ ಮ್ಯಾನೇಜರ್‌ಗೆ ತನ್ನ ಕೆಳಗಿನವರ ಸಂಬಳ ನೋಡುವ ಅಧಿಕಾರವನ್ನು ಅವರ ಕಂಪನಿಯೇ ಕೊಟ್ಟಿರಲಿಲ್ಲ. ಮಾಹಿತಿ ಕೊಟ್ಟವರ ಮೂಲಕವೇ ಕೇಳಿಸಿ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೇ ಅನುಸೂಚಿಯ ಮೊದಲ ಭಾಗವನ್ನು ತೆಗೆದು ತೋರಿಸಿದರು. ಅದರ ಮೊದಲನೇ ಕಲಮೇ ಇದು: ಕ್ಲೈಂಟ್‌ನ ಒಪ್ಪಿಗೆಯಿಲ್ಲದೆ, ಕಾನೂನಿನ ಅಗತ್ಯವೂ ಇಲ್ಲದೆ, ಕೆಲಸದಲ್ಲಿ ತಿಳಿದ ಮಾಹಿತಿಯನ್ನು ಬೇರೆಯವರಿಗೆ ಕೊಟ್ಟರೆ ಅದು ವೃತ್ತಿಯ ದುರ್ನಡತೆ. "ಕಳಿಸಿದವಳು ನೀನು, ಉತ್ತರ ಕೊಡಬೇಕಾದವನು ನಾನು" ಅಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅಂದಿನಿಂದ ನಾನು ಮಾಡುವ ಕ್ರಮ ಸರಳವಾಗಿದೆ. ಪಟ್ಟಿ ಬಂದ ಕೂಡಲೇ ಬೇಕಾದ ಕಾಲಂಗಳನ್ನು ಮಾತ್ರ ಕೆಲಸದ ಹಾಳೆಗೆ ತೆಗೆದುಕೊಳ್ಳುತ್ತೇನೆ. ಹೆಸರಿನ ಬದಲು ಉದ್ಯೋಗಿ ನಂಬರು ಸಾಕಾದರೆ ಹೆಸರು ಬೇಡ. ಹೊರಗೆ ಕಳಿಸುವುದಿದ್ದರೆ ಹೊಸದಾಗಿ ಖಾಲಿ ಫೈಲು ತೆರೆದು, ಮೊತ್ತಗಳನ್ನು ನಕಲು ಮಾಡಿ, Paste Special ಒಳಗಿನ Values ಆರಿಸಿ ಅಂಟಿಸುತ್ತೇನೆ. ಆಗ ಅಂಕಿ ಮಾತ್ರ ಬರುತ್ತದೆ, ಅದರ ಬೇರು ಬರುವುದಿಲ್ಲ. ಎಕ್ಸೆಲ್‌ನಲ್ಲಿ Inspect Document ಎಂಬ ತಪಾಸಣೆಯೂ ಇದೆ. ಮರೆಮಾಡಿದ ಹಾಳೆ, ಕಾಮೆಂಟುಗಳನ್ನು ಅದು ಹುಡುಕಿ ತೆಗೆಯಬಲ್ಲದು. ಆದರೆ ಪಿವಟ್ ಟೇಬಲ್ ಕಂಡರೆ ಎಚ್ಚರಿಸುತ್ತದೆಯೇ ಹೊರತು ಅದರ ಹಿಂದಿನ ನಕಲನ್ನು ತೆಗೆಯುವುದಿಲ್ಲ. ಅನುಮಾನವಿದ್ದರೆ ಫೈಲಿನ ಇನ್ನೊಂದು ಪ್ರತಿಯ ಹೆಸರಿನ ಕೊನೆಯ `.xlsx` ಅನ್ನು `.zip` ಎಂದು ಬದಲಿಸಿ ತೆರೆಯುತ್ತೇನೆ. ಒಳಗೆ `xl/pivotCache` ಎಂಬ ಫೋಲ್ಡರ್ ಕಂಡರೆ ಆ ಫೈಲು ಎಲ್ಲಿಗೂ ಹೋಗುವುದಿಲ್ಲ.

ಆ ವಾರ ಪಿಜಿಯಲ್ಲಿ ರೂಮ್‌ಮೇಟ್ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಆಫೀಸಲ್ಲಿ ತಪ್ಪು ಮಾಡಿದೆ ಎಂದೆ. ಯಾವ ಕಂಪನಿದು ಎಂದು ಕೇಳಿದಳು. ಹೇಳಿಬಿಟ್ಟರೆ ಹಗುರಾಗುತ್ತಿತ್ತು. ಆದರೆ ಹೇಳುವುದೆಂದರೆ ಅದೇ ಮನುಷ್ಯನ ಅದೇ ವಿಷಯವನ್ನು ಇನ್ನೊಬ್ಬರ ಕೈಗೆ ಕೊಡುವುದೇ. ಹೇಳಲಿಲ್ಲ. ನನಗೆ ಆ ಪತ್ರದ ಸಹಿಯ ಅರ್ಥವಾದದ್ದು ಆ ರಾತ್ರಿ.

ಮುಂದಿನ ಮಾರ್ಚ್ 31ರಂದು ಅದೇ ಕಾರ್ಖಾನೆಗೆ ದಾಸ್ತಾನು ಎಣಿಕೆಗೆ ಹೋಗಬೇಕಾಯಿತು. ಸ್ಟೋರ್ಸ್‌ನಲ್ಲಿ ದಾರದ ಉಂಡೆಗಳ ಪೆಟ್ಟಿಗೆ ಇಳಿಸಿಕೊಡಲು ಒಬ್ಬರು ಬಂದರು. ಎದೆಯ ಮೇಲಿನ ಗುರುತಿನ ಚೀಟಿಯಲ್ಲಿ ಆ ಹೆಸರಿತ್ತು. ಮಧ್ಯಾಹ್ನದವರೆಗೆ ಅವರು ಎಣಿಸಿ ಹೇಳಿದರು, ನಾನು ಬರೆದುಕೊಂಡೆ. ಕ್ಷಮೆ ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಮಾಹಿತಿ ಸೋರಿದ್ದನ್ನು ಅವರಿಗೆ ಕಂಪನಿಯವರು ಕರೆದು ಹೇಳಿದ್ದಾರೆಂದು ಸರ್ ಮೊದಲೇ ತಿಳಿಸಿದ್ದರು. ಅದನ್ನು ಸುತ್ತ ನಾಲ್ಕು ಜನ ನಿಂತಿರುವ ಸ್ಟೋರ್ಸ್‌ನಲ್ಲಿ ಮತ್ತೆ ಎತ್ತಿದರೆ ಹಗುರಾಗುವವಳು ನಾನು, ಭಾರ ಹೊರುವವರು ಅವರು. ಸುಮ್ಮನಾದೆ. ಟೀ ಬಂದಾಗ ಮೊದಲ ಲೋಟವನ್ನು ಅವರೇ ನನ್ನ ಕಡೆ ಚಾಚಿ, "ತಗೊಳಮ್ಮ, ಬೆಳಗಿಂದ ನಿಂತೇ ಇದೀಯ" ಅಂದರು.

ಅದೇ ವರ್ಷ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡ್‌ನ ಪೊಲೀಸ್ ಇಲಾಖೆಯ ಸುದ್ದಿ ಬಂತು. ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕೊಟ್ಟ ಎಕ್ಸೆಲ್ ಫೈಲಿನಲ್ಲಿ ಮರೆಯಾಗಿ ಉಳಿದಿದ್ದ ಒಂದು ಹಾಳೆಯಿಂದ ಸುಮಾರು ಒಂಬತ್ತೂವರೆ ಸಾವಿರ ಪೊಲೀಸರು ಮತ್ತು ಸಿಬ್ಬಂದಿಯ ಹೆಸರು, ಕೆಲಸದ ವಿವರ ಹೊರಬಿದ್ದಿತ್ತು. ತಾನು ಪೊಲೀಸ್ ಎಂದು ನೆರೆಯವರಿಗೂ ಹೇಳಲಾಗದ ಊರು ಅದು. ಮುಂದಿನ ವರ್ಷ ಆ ಇಲಾಖೆಗೆ ಏಳೂವರೆ ಲಕ್ಷ ಪೌಂಡ್ ದಂಡ ಬಿತ್ತು. ಅದೇ ಆಗಸ್ಟ್‌ನಲ್ಲಿ ನಮ್ಮಲ್ಲೂ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಆಯಿತು. ಸೋರಿಕೆಯಾದರೆ ಯಾರ ಮಾಹಿತಿಯೋ ಅವರಿಗೆ ತಿಳಿಸಬೇಕು ಎಂಬ ಮಾತು ಅದರಲ್ಲಿದೆ.

ಈಗ ನಮ್ಮ ಆಫೀಸಿಗೆ ಹೊಸ ಆರ್ಟಿಕಲ್‌ಗಳು ಬಂದಾಗ ಆ ಪತ್ರಕ್ಕೆ ಸಹಿ ಹಾಕಿಸುವ ಕೆಲಸ ನನ್ನದು. ಸಹಿಗೆ ಮೊದಲು ಒಂದು ಫೈಲು ತೆರೆದು ಕೊಡುತ್ತೇನೆ. ಕಲ್ಪಿತ ಹೆಸರುಗಳ ಪಟ್ಟಿಯಿಂದ ಮಾಡಿದ ಐದು ಸಾಲಿನ ಪಿವಟ್, ಮೂಲ ಹಾಳೆ ಅಳಿಸಿದ್ದು. ಇದರಲ್ಲಿ ಯಾರ ಹೆಸರಾದರೂ ಇದೆಯಾ ನೋಡಿ ಎನ್ನುತ್ತೇನೆ. ಎಲ್ಲರೂ ಇಲ್ಲ ಎನ್ನುತ್ತಾರೆ. ಆಮೇಲೆ ಒಟ್ಟು ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎನ್ನುತ್ತೇನೆ.