‘ಟ್ರೈ ಮಾಡ್ತೀವಿ ಅಕ್ಕ’ ಅನ್ನೋ ಬದಲು

ಅಕ್ಟೋಬರ್ 24ರ ರಾತ್ರಿ ಸಂಘದ ಸೀನಿಯರ್ ಅಕ್ಕನ ಮೆಸೇಜ್ ಬಂತು. ಕಾಲೇಜಿನ ಹಳೇ ವಾರ್ಷಿಕ ಸಂಚಿಕೆಗಳಿಂದ ಆರಿಸಿದ ಕಥೆಗಳು, ಒಟ್ಟು 40 ಪುಟ. ಎಲ್ಲಾ ಟೈಪ್ ಮಾಡಿ ನವೆಂಬರ್ 1ರ ರಾಜ್ಯೋತ್ಸವ ಸಂಚಿಕೆಗೆ ಕೊಡಬೇಕಂತೆ. "ಮಾಡ್ತೀರಾ ಅಲ್ವಾ?" ಅಂತ ಕೊನೆಗೊಂದು ಸಾಲು.

ನಾವು ಸೆಕೆಂಡ್ ಇಯರ್‌ನ ಮೂವರು. ಮೊದಲು ಬರೆದ ಉತ್ತರ, "ಟ್ರೈ ಮಾಡ್ತೀವಿ ಅಕ್ಕ." ಕಳಿಸೋ ಮುಂಚೆ ಅಳಿಸಿದ್ವಿ. ಹೋದ ವರ್ಷ ಪೋಸ್ಟರ್ ಕೆಲಸಕ್ಕೂ ಇದನ್ನೇ ಹೇಳಿದ್ವಿ. ನಮ್ಮ ಪಾಲಿಗೆ ಅದರರ್ಥ "ಕಷ್ಟ ಇದೆ", ಕೇಳಿದವರ ಪಾಲಿಗೆ "ಆಯ್ತು". ಕಾರ್ಯಕ್ರಮದ ಹಿಂದಿನ ರಾತ್ರಿವರೆಗೂ ಅವರು ಬೇರೆ ಯಾರನ್ನೂ ಕೇಳಿರಲಿಲ್ಲ, ನಾವು ಶುರುವೇ ಮಾಡಿರಲಿಲ್ಲ. ಪೋಸ್ಟರ್ ಬರಲೇ ಇಲ್ಲ.

ಎರಡನೇ ಉತ್ತರ, "ಇಂಟರ್ನಲ್ಸ್ ಇದೆ, ರೆಕಾರ್ಡ್ ಇದೆ, ತುಂಬಾ ಲೋಡ್." ಅದನ್ನೂ ಅಳಿಸಿದ್ವಿ. ಇಂಟರ್ನಲ್ಸ್ ಅಕ್ಕನಿಗೂ ಇರುತ್ತೆ. ನಮ್ಮ ಕೈಲಿ ಎಷ್ಟು ಆಗುತ್ತೆ ಅನ್ನೋದೇ ಅದರಲ್ಲಿ ಇರಲಿಲ್ಲ.

ಹಾಗಾಗಿ ಮೊದಲು ಒಂದು ಪುಟ ಮಾಡಿ ನೋಡಿದ್ವಿ. ಫೋಟೋ ತೆಗೆದು ಗೂಗಲ್ ಡಾಕ್ಸ್‌ಗೆ ಹಾಕಿದಾಗ ಮಸುಕಾದ ಅಚ್ಚಿನ ಒತ್ತಕ್ಷರಗಳೆಲ್ಲ ಕಲಸಿಹೋದವು. ಅದನ್ನ ತಿದ್ದೋದಕ್ಕಿಂತ ಕೈಯಲ್ಲಿ ಟೈಪ್ ಮಾಡೋದೇ ವಾಸಿ ಅನ್ನಿಸ್ತು. ಟೈಪ್ ಮಾಡಿ ಇನ್ನೊಮ್ಮೆ ಓದಿ ಸರಿ ಮಾಡೋಕೆ 40 ನಿಮಿಷ ಹಿಡೀತು. ಅಂದ್ರೆ 40 ಪುಟಕ್ಕೆ ಸುಮಾರು 27 ಗಂಟೆ.

ಕೊನೆಗೆ ಕಳಿಸಿದ್ದು ಇದು:

"ಅಕ್ಕ, 27ರವರೆಗೆ ಇಂಟರ್ನಲ್ಸ್. ಆಮೇಲಿನ ನಾಲ್ಕು ದಿನ ಮೂವರೂ ದಿನಕ್ಕೆ ಎರಡೆರಡು ಗಂಟೆ ಕೂತರೆ 24 ಗಂಟೆ. ನೀವು ಈಗಾಗಲೇ ಕೊಟ್ಟಿರೋ 12 ಲೇಖನಗಳ ಪ್ರೂಫ್‌ಗೆ 12 ಗಂಟೆ, ಲ್ಯಾಬ್ ರೆಕಾರ್ಡ್‌ಗೆ 6. ಉಳಿಯೋದು 6 ಗಂಟೆ, ಅದರಲ್ಲಿ 9 ಪುಟ ಆಗುತ್ತೆ. ಮೂರು ದಾರಿ ಇದೆ. ಒಂದು, ಈಗ 9 ಪುಟ, ಉಳಿದ 31 ಪುಟ ನವೆಂಬರ್ 20ಕ್ಕೆ. ಎರಡು, ಪ್ರೂಫ್ ಬೇರೆಯವರಿಗೆ ಕೊಟ್ಟರೆ 27 ಪುಟ ಆಗುತ್ತೆ, ಆದ್ರೆ ಆಗಲೂ 40 ಆಗಲ್ಲ. ಮೂರು, ಪುಟಗಳ ಫೋಟೋನೇ ಈಗ ಹಾಕೋಣ, ಟೈಪಿಂಗ್ ಆಮೇಲೆ. ನಮಗೆ ಮೊದಲನೇದು ಸರಿ ಅನ್ಸುತ್ತೆ. ನಾಳೆ ಸಂಜೆಯೊಳಗೆ ಹೇಳ್ತೀರಾ?"

ಕಳಿಸಿ ಮೂವರೂ ಫೋನ್ ನೋಡ್ತಾ ಕೂತ್ವಿ. ಅಕ್ಕ ಬೇಜಾರಾದ್ರೇನೋ ಅಂತ ಭಯ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು: "ಪ್ರೂಫ್‌ಗೆ ಅಷ್ಟೊತ್ತು ಹಿಡಿಯುತ್ತೆ ಅಂತ ಗೊತ್ತಿರಲಿಲ್ಲ ಕಣ್ರೋ. ಮೊದಲನೇದೇ ಇರಲಿ. ಯಾವ 9 ಪುಟ ಅಂತ ನಾನು ಹೇಳ್ತೀನಿ."

ರಾಜ್ಯೋತ್ಸವ ಸಂಚಿಕೆಯಲ್ಲಿ ನೀವು ಓದಿದ ಎರಡು ಹಳೇ ಕಥೆಗಳು ಆ 9 ಪುಟಗಳೇ. ಉಳಿದ 31 ಪುಟ ಇನ್ನೂ ಬಾಕಿ ಇದೆ. ಈ ಸಲ ತಾರೀಖು ಕೊಟ್ಟಿದ್ದು ಅಕ್ಕ ಅಲ್ಲ, ನಾವೇ. ಅದಕ್ಕೇ ಇವತ್ತೂ ಎರಡು ಗಂಟೆ ಕೂರ್ತಿದೀವಿ.