ಹನ್ನೆರಡೋ, ಮೂವತ್ತೋ, ಎಂಟೋ?

ನಮ್ಮ ಧಾರವಾಡ ಜಿಲ್ಲೆಯ ಸಾಕ್ಷರತೆ 2001ರ ಜನಗಣತಿಯಲ್ಲಿ ಶೇ. 71.61 ಇತ್ತು, 2011ರಲ್ಲಿ ಶೇ. 80 ಆಯ್ತು. ವರದಿಯೊಂದಕ್ಕೆ ಈ ಎರಡು ಬಾರ್ ಬರೆದು, ಮಧ್ಯೆ ಏರಿಕೆ ಎಷ್ಟು ಅಂತ ಹಾಕ್ಬೇಕಿತ್ತು. ಪಕ್ಕದ ಗೆಳೆಯ "+11.7%" ಅಂದ. ಲೆಕ್ಕವೇನೋ ಸರಿ, 8.39ನ್ನು 71.61ರಿಂದ ಭಾಗಿಸಿದ್ರೆ ಅಷ್ಟೇ ಬರೋದು. ಆದ್ರೆ ಓದುವವರು ಅದನ್ನ 71.61ಕ್ಕೆ ಕೂಡಿಸಿಬಿಟ್ರೆ 83 ದಾಟುತ್ತೆ, ಬಾರ್ ಮಾತ್ರ 80ಕ್ಕೇ ನಿಂತಿರುತ್ತೆ!

ಇನ್ನೊಂದು ಮಜಾ ನೋಡ್ರಿ. ಇದನ್ನೇ ಅನಕ್ಷರತೆ ಅಂತ ಬರೆದ್ರೆ, 28.39 ಇದ್ದದ್ದು 20ಕ್ಕೆ ಇಳಿದಿದೆ. ಅಂದ್ರೆ 29.6% ಇಳಿಕೆ. ಅದೇ ಜಿಲ್ಲೆ, ಅದೇ ಹತ್ತು ವರ್ಷ, ಬೆನ್ನು ತಟ್ಟಿಕೊಳ್ಳೋರು ದೊಡ್ಡದನ್ನ ಆರಿಸ್ಕೊಬಹುದು :) ಪಾಯಿಂಟಿನಲ್ಲಿ ಹೇಳಿದ್ರೆ ಎರಡೂ ಕಡೆ 8.39 ಮಾತ್ರ. ಹಾಗಾಗಿ "+8.39 ಪರ್ಸೆಂಟೇಜ್ ಪಾಯಿಂಟ್" ಅಂತಲೇ ಹಾಕಿದೆ.