ಪರಿಹಾರಕ್ಕೊಂದು ಕೊನೆಯ ತಾರೀಕು ಇರಬೇಕು

ನಮ್ಮ ತುಮಕೂರು ಜಿಲ್ಲೆಯಲ್ಲಿ ಶನಿ ಅಂದರೆ ಪಾವಗಡ. ಶ್ರಾವಣದ ಶನಿವಾರ ಬಂತೆಂದರೆ ಆ ಕಡೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲ್ಲ. ಸುದ್ದಿಗೆ ಅಂತ ನಾವೂ ಹೋಗಿದ್ದೇವೆ, ಎಳ್ಳುಬತ್ತಿ ಹಚ್ಚಿಯೂ ಬಂದಿದ್ದೇವೆ. ಹಾಗಾಗಿ ಇದನ್ನು ಜ್ಯೋತಿಷ್ಯ ಸುಳ್ಳು ಅಂತ ಸಾಧಿಸಲು ಬರೆಯುತ್ತಿಲ್ಲ. ನಂಬುವವರಿಗೇ ಆದ ಮೋಸದ ಕತೆ ಇದು, ನಂಬಿಕೆಯ ಲೆಕ್ಕದಲ್ಲೇ ಅದನ್ನು ನೋಡಬೇಕು.

ತಿಪಟೂರು ಕಡೆಯ ಒಬ್ಬ ತಾಯಿ, ಹೆಸರು ಬೇಡ. ಎರಡು ಎಕರೆ ತೆಂಗು, ನಾಲ್ಕು ಹಸು. ಮಗನಿಗೆ ಇಪ್ಪತ್ತೊಂಬತ್ತು. ಕೊರೆಸಿದ ಬೋರು ಫೇಲಾಗಿ, ಅವನು ಬೈಕಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಊರಿನ ಜೋಯಿಸರ ಹತ್ತಿರ ಹೋದರು. ಅದು 2025ರ ಜನವರಿ. ಮಗನದು ಪುಷ್ಯ ನಕ್ಷತ್ರ, ಕಟಕ ರಾಶಿ. ಶನಿ ಆಗ ಕುಂಭದಲ್ಲಿ, ಅಂದರೆ ಕಟಕದಿಂದ ಎಂಟನೇ ಮನೆಯಲ್ಲಿದ್ದ. ಅಷ್ಟಮ ಶನಿ. ಜೋಯಿಸರು ಹೇಳಿದ್ದು ಇಷ್ಟು: ಶನಿವಾರ ಒಪ್ಪತ್ತು ಮಾಡಿ, ಸಂಜೆ ಎಳ್ಳೆಣ್ಣೆ ದೀಪ ಹಚ್ಚಿ, ಇಲ್ಲದವರಿಗೆ ಒಂದು ಕಂಬಳಿ ಕೊಡಿ, ಆದರೆ ಒಮ್ಮೆ ಪಾವಗಡಕ್ಕೆ ಹೋಗಿ ಬನ್ನಿ. "ಯುಗಾದಿ ಹಿಂದಿನ ದಿನ ಶನಿ ಮೀನಕ್ಕೆ ಹೋಗ್ತಾನೆ ಕಣಮ್ಮ, ಅಲ್ಲಿಗೆ ಮುಗೀತು." ದಕ್ಷಿಣೆ ಅಂತ ತಟ್ಟೆಗೆ ಐವತ್ತೊಂದು ರೂಪಾಯಿ ಹಾಕಿದ್ದರಂತೆ. ಎಣ್ಣೆ, ಕಂಬಳಿ, ಬಸ್ ಚಾರ್ಜು ಎಲ್ಲಾ ಸೇರಿ ಸಾವಿರ ರೂಪಾಯಿ ದಾಟಲಿಲ್ಲ.

ಈ ಪರಿಹಾರವನ್ನು ಸ್ವಲ್ಪ ಬಿಡಿಸಿ ನೋಡಿ. ಉಪವಾಸಕ್ಕೆ ದುಡ್ಡಿಲ್ಲ. ದಾನ ಹೋಗಿದ್ದು ಬೇರೆಯವರಿಗೆ, ಹೇಳಿದವರ ಮನೆಗಲ್ಲ. ದೀಪ ಹಚ್ಚಿದ್ದು ತಾಯಿಯೇ. ಮುಗಿಯುವ ದಿನ ಮೊದಲೇ ಗೊತ್ತಿತ್ತು, ಪಂಚಾಂಗ ನೋಡಿ ಯಾರು ಬೇಕಾದರೂ ತಾಳೆ ಹಾಕಬಹುದಿತ್ತು. ಗ್ರಹ ಬದಲಾಯಿತೋ ಇಲ್ಲವೋ, ಆ ಎರಡು ತಿಂಗಳು ಆಕೆ ನೆಮ್ಮದಿಯಾಗಿ ನಿದ್ದೆ ಮಾಡಿದರು. ಇದಕ್ಕೆ ನಮ್ಮ ತಕರಾರಿಲ್ಲ.

ಯುಗಾದಿ ಕಳೆಯಿತು. ಜೂನ್‌ನಲ್ಲಿ ಮಗನಿಗೆ ಗೊತ್ತಾಗಿದ್ದ ಹೆಣ್ಣು ತಪ್ಪಿಹೋಯಿತು. ಪತ್ರಿಕೆಯೊಂದರ ಕೊನೆಯ ಪುಟದ ಸಾಲು ಜಾಹೀರಾತಿನಲ್ಲಿ ನಂಬರ್ ಸಿಕ್ಕಿತು. ಮದುವೆ ವಿಳಂಬ, ಕುಟುಂಬ ಕಲಹ, ಮಾಟ ನಿವಾರಣೆ, ಫೋನಿನಲ್ಲೇ ಶಾಶ್ವತ ಪರಿಹಾರ. ನೀವೂ ನೋಡಿರುತ್ತೀರಿ. (ನಮ್ಮಂಥ ಸ್ಟ್ರಿಂಗರ್‌ಗಳಿಗೆ ಸುದ್ದಿಗಿಂತ ಜಾಹೀರಾತು ತಂದರೆ ಬರುವ ಕಮಿಷನ್ನೇ ಜಾಸ್ತಿ. ಅದು ಇನ್ನೊಂದು ದಿನದ ಮಾತು.)

ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜಿನ ರೂಮು. ಫೀಸು 501. ಆ ಮನುಷ್ಯ ಜಾತಕ ಕೇಳಲಿಲ್ಲ, ನಕ್ಷತ್ರ ಕೇಳಲಿಲ್ಲ. ಮಗನ ಹೆಸರು ಕೇಳಿ, "ಸಾಡೇಸಾತಿ ಹೊಡೀತಾ ಇದೆ" ಅಂದ. ಶನಿ ಶಾಂತಿಗೆ 6,500. ಹದಿನೈದು ದಿನ ಬಿಟ್ಟು ಅವನೇ ಫೋನ್ ಮಾಡಿದ: ಶಾಂತಿ ಮಾಡುವಾಗ ಹಿಂದೆ ಯಾರೋ ಮಾಡಿಸಿದ್ದು ಕಾಣಿಸಿತು, ತಾಮ್ರದ ಯಂತ್ರ ಕಟ್ಟಬೇಕು, 18,000. ಆಮೇಲೆ 19,000 ಜಪ, ಹೋಮ, 42,000. ಇಷ್ಟು ಹೊತ್ತಿಗೆ ಆಕೆಯ ಓಲೆ ಅಡವಿಗೆ ಹೋಗಿತ್ತು. ಸಾಕು ಸ್ವಾಮಿ ಅಂದಾಗ ಬಂದ ಮಾತು: "ಅರ್ಧಕ್ಕೆ ಬಿಟ್ಟರೆ ನಾನು ಕಟ್ಟಿರೋದನ್ನ ಬಿಚ್ಚಿಬಿಡ್ತೀನಿ, ಮಗನ ಮೇಲೆ ತಿರುಗಿ ಬೀಳುತ್ತೆ. ಮನೇಲಿ ಯಾರಿಗೂ ಹೇಳಬೇಡ." ಕೂಡಿಸಿದರೆ 67,001 ರೂಪಾಯಿ.

ಆಕೆ ನಮ್ಮ ಹತ್ತಿರ ಬಂದಿದ್ದು ದುಡ್ಡು ವಾಪಸ್ ಕೇಳೋಕಲ್ಲ. "ಪೇಪರ್ ಅಣ್ಣ, ತಿರುಗಿ ಬೀಳೋದನ್ನ ತಡೆಯೋರು ಯಾರಾದ್ರೂ ಗೊತ್ತಾ?" ಅಂತ ಕೇಳಿದರು.

ನಾವು ಆಕೆಯನ್ನು ಅದೇ ಜೋಯಿಸರ ಹತ್ತಿರ ಕರೆದುಕೊಂಡು ಹೋದೆವು. ಅವರು ಪಂಚಾಂಗ ತೆಗೆದು ತೋರಿಸಿದರು. ಸಾಡೇಸಾತಿ ಅಂದರೆ ಜನ್ಮರಾಶಿಯ ಹಿಂದಿನ ಮನೆ, ಜನ್ಮರಾಶಿ, ಮುಂದಿನ ಮನೆ, ಈ ಮೂರರಲ್ಲಿ ಶನಿ ಇರುವ ಕಾಲ. ಒಂದೊಂದರಲ್ಲಿ ಸುಮಾರು ಎರಡೂವರೆ ವರ್ಷ, ಒಟ್ಟು ಏಳೂವರೆ. ಶನಿ ಮೀನದಲ್ಲಿದ್ದರೆ ಅದು ಕುಂಭ, ಮೀನ, ಮೇಷದವರಿಗೆ. ಕಟಕಕ್ಕೆ ಈಗ ಒಂಬತ್ತನೇ ಮನೆ, ಸಾಡೇಸಾತಿಯೂ ಇಲ್ಲ, ಅಷ್ಟಮವೂ ಇಲ್ಲ. ಲಾಡ್ಜಿನವನು ಶಾಸ್ತ್ರದ ಪ್ರಕಾರವೇ ಸುಳ್ಳು ಹೇಳಿದ್ದ.

ಆದರೆ ಅವನ ಮಾತು ಎಷ್ಟೋ ಜನರಿಗೆ ನಿಜವೇ ಆಗಿಬಿಡುತ್ತದೆ, ಅದು ಗೊತ್ತಿರಬೇಕು. ಹನ್ನೆರಡು ರಾಶಿಯಲ್ಲಿ ಮೂರಕ್ಕೆ ಸಾಡೇಸಾತಿ ಯಾವಾಗಲೂ ಇರುತ್ತದೆ. ಎಂಟನೇ ಮನೆಯ ಅಷ್ಟಮ, ನಾಲ್ಕನೇ ಮನೆಯ ಅರ್ಧಾಷ್ಟಮ ಸೇರಿಸಿದರೆ ಐದು ರಾಶಿ. ಬಾಗಿಲು ತಟ್ಟಿದ ಹನ್ನೆರಡು ಜನರಲ್ಲಿ ಐವರಿಗೆ ಕಣ್ಣು ಮುಚ್ಚಿಕೊಂಡು ಶನಿ ಕಾಟ ಅಂದರೂ ತಪ್ಪಾಗಲ್ಲ. ಕಷ್ಟ ಇಲ್ಲದೆ ಯಾರೂ ಆ ಬಾಗಿಲಿಗೆ ಹೋಗಲ್ಲವಲ್ಲ.

ಜಪದ ಲೆಕ್ಕವನ್ನು ನಾವೇ ಹಾಕಿದೆವು. ನವಗ್ರಹ ಸ್ತೋತ್ರದ ಶನಿ ಶ್ಲೋಕ ಒಂದು ಸಲ ಹೇಳಲು ಸರಾಗವಾಗಿ ಹತ್ತು ಸೆಕೆಂಡ್ ಬೇಕು. ಹತ್ತೊಂಬತ್ತು ಸಾವಿರಕ್ಕೆ ಹತ್ತಿರ ಹತ್ತಿರ ಐವತ್ಮೂರು ಗಂಟೆ. ದಿನಕ್ಕೆ ಆರು ಗಂಟೆ ಕೂತರೂ ಒಬ್ಬನಿಗೆ ಒಂಬತ್ತು ದಿನ. ಇವನು ಮಂಗಳವಾರ ದುಡ್ಡು ತಗೊಂಡು ಗುರುವಾರ ಪ್ರಸಾದ ಕಳಿಸಿದ್ದ. ನಾಲ್ಕು ಜನ ಋತ್ವಿಜರು ಕೂತಿದ್ದರೆ ಆಗುತ್ತಿತ್ತೇನೋ, ಹಾಗಿದ್ದರೆ ಅವರು ಯಾರು, ಯಾವ ದೇವಸ್ಥಾನದಲ್ಲಿ? ಮುಜರಾಯಿ ದೇವಸ್ಥಾನದಲ್ಲಿ ಸೇವೆಗೆ ದರಪಟ್ಟಿ ಗೋಡೆ ಮೇಲಿರುತ್ತದೆ, ರಸೀದಿ ಕೊಡುತ್ತಾರೆ. ಇಲ್ಲಿ ರಸೀದಿ ಇಲ್ಲ. ಇದ್ದದ್ದು ಜಪದ ಸಂಖ್ಯೆ ಬರೆದ ಒಂದು ಚೀಟಿ, ಮತ್ತೆ ಫೋನಿನಲ್ಲಿ ಹಣ ಕಳಿಸಿದ ದಾಖಲೆ.

ಆ ದಾಖಲೆಯೇ ಕೊನೆಗೆ ಕೆಲಸಕ್ಕೆ ಬಂತು. ಠಾಣೆಗೆ ಹೋಗುವಾಗ ನಮ್ಮ ತಲೆಯಲ್ಲಿ ಇದ್ದದ್ದು ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆ. 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂದಿದ್ದು. ಆದರೆ ಜ್ಯೋತಿಷಿಗಳ ಸಲಹೆಯನ್ನು ಆ ಕಾಯ್ದೆ ಹೊರಗಿಟ್ಟಿದೆ. ಭಾರತೀಯ ನ್ಯಾಯ ಸಂಹಿತೆಯ 354ನೇ ಕಲಂ ಇನ್ನೊಂದಿದೆ, ಹಳೆಯ ಐಪಿಸಿಯ 508. ದೇವರ ಕೋಪಕ್ಕೆ ಗುರಿಯಾಗುತ್ತೀಯ ಅಂತ ನಂಬಿಸಿ ಕೆಲಸ ಮಾಡಿಸಿಕೊಂಡರೆ ಒಂದು ವರ್ಷದವರೆಗೆ ಜೈಲು. ಅದರಲ್ಲೊಂದು ಸೂಕ್ಷ್ಮವಿದೆ: ಆ ಕೋಪ ಬರುವುದು ಹೆದರಿಸುವವನ ಕೈಯಿಂದ ಆಗಬೇಕು. "ಶನಿ ಬಿಡಲ್ಲ" ಅಂದರೆ ಸಾಲದು. "ನಾನು ಬಿಚ್ಚಿಬಿಡ್ತೀನಿ" ಅಂದದ್ದು ಇದಕ್ಕೆ ಹತ್ತಿರ ಬರುತ್ತದೆ. ಆದರೂ ಇದು ಅಸಂಜ್ಞೇಯ, ಮ್ಯಾಜಿಸ್ಟ್ರೇಟರು ಹೇಳದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅದಕ್ಕೇ ದೂರಿನಲ್ಲಿ 318, ಅಂದರೆ ವಂಚನೆಯನ್ನೇ ಮುಂದಿಟ್ಟೆವು. ಮಾಡದ ಜಪಕ್ಕೆ ದುಡ್ಡು ತಗೊಂಡ ಅಂತ.

ಎಫ್‌ಐಆರ್ ಆಗುವ ಮೊದಲೇ, ಠಾಣೆಯಿಂದ ಒಂದು ಫೋನ್ ಹೋಗಿದ್ದಕ್ಕೆ 25,000 ವಾಪಸ್ ಬಂತು. ಮಾರನೇ ದಿನ ನಂಬರ್ ಸ್ವಿಚ್ ಆಫ್, ಲಾಡ್ಜಿನ ರೂಮು ಖಾಲಿ. ಉಳಿದ 42,001ಕ್ಕೆ ದೂರು ಠಾಣೆಯಲ್ಲೇ ಇದೆ. ಅದೇ ನಂಬರಿನ ಕೊನೆಯ ಎರಡು ಅಂಕಿ ಬದಲಾಗಿ ಜಾಹೀರಾತು ಮತ್ತೆ ಬರುತ್ತಿದೆ, ಆ ಕಟಿಂಗನ್ನೂ ದೂರಿಗೆ ಸೇರಿಸಿ ಕೊಟ್ಟಿದ್ದೇವೆ.

ತಾಮ್ರದ ಯಂತ್ರವನ್ನು ಕೆರೆಗೆ ಬಿಡಲೇ ಅಂತ ಆಕೆ ಕೇಳಿದರು. ಸಾಕ್ಷಿಗೆ ಬೇಕಾಗುತ್ತದೆ, ಬಿಡಬೇಡಿ ಅಂದೆವು. ಮನೆಯೊಳಗೆ ಇಟ್ಟುಕೊಳ್ಳಲು ಧೈರ್ಯ ಸಾಲದು ಅಂತ ಅದನ್ನೀಗ ಬಟ್ಟೆಯಲ್ಲಿ ಸುತ್ತಿ ಜೋಯಿಸರ ಕೈಗೆ ಕೊಟ್ಟಿದ್ದಾರೆ. ಇಟ್ಟುಕೊಳ್ಳಲು ಅವರು ಏನೂ ತಗೊಂಡಿಲ್ಲ.